ಒಂದು ಸಿ.ಡಿ., ನಲವತ್ತೈದು ಹೋಲಿಕೆ: ತಳಿ ಪ್ರಯೋಗಗಳಲ್ಲಿ ಅನೋವಾ ನಂತರದ ಹುಸಿ ವ್ಯತ್ಯಾಸಗಳ ಕುರಿತು

ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರು ಫಾರಂನಲ್ಲಿ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಕರ್ನಾಟಕದ ಮಧ್ಯ ಒಣವಲಯದ ಬೆಳೆಗಳಿಗೆ ಇದು ಮುಖ್ಯ ಪ್ರಯೋಗಭೂಮಿ. ಈ ಸೀಮೆಯಲ್ಲಿ ಮಳೆ ಕಡಿಮೆ, ಬಿದ್ದರೂ ಹದ ತಪ್ಪಿ ಬೀಳುತ್ತದೆ. ವಾಣಿವಿಲಾಸ ಸಾಗರದ ನೀರು ತಲುಪದ ಹೊಲಗಳಲ್ಲಿ ಶೇಂಗಾ ಬಿತ್ತುವ ರೈತ ಹೊಸ ತಳಿಯ ಬೀಜ ಕೊಳ್ಳುವಾಗ, ಅದು ಹಳೆಯದಕ್ಕಿಂತ ನಿಜಕ್ಕೂ ಹೆಚ್ಚು ಕಾಯಿ ಕೊಡುತ್ತದೆಯೇ ಎಂಬ ಒಂದೇ ಪ್ರಶ್ನೆಯ ಮೇಲೆ ಹಣ ಹೂಡುತ್ತಾನೆ. ಆ ಪ್ರಶ್ನೆಗೆ ಉತ್ತರ ಸಿದ್ಧವಾಗುವುದು ಸಂಶೋಧನಾ ಕೇಂದ್ರಗಳ ತಾಕುಗಳಲ್ಲಿ, ಅಲ್ಲಿಂದ ಬರುವ ಕೋಷ್ಟಕಗಳಲ್ಲಿ.

ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧ, ವರದಿ ಓದಿದವರಿಗೆ ಈ ಕೋಷ್ಟಕಗಳ ಅಚ್ಚು ಪರಿಚಿತ. ತಳಿಗಳ ಸರಾಸರಿ ಇಳುವರಿಯ ಪಟ್ಟಿ ಮುಗಿದ ಮೇಲೆ ಕೆಳಗೆ ಎಸ್.ಇ.ಎಂ., ಸಿ.ಡಿ., ಸಿ.ವಿ. ಎಂಬ ಮೂರು ಸಾಲುಗಳಿರುತ್ತವೆ. ಸಿ.ಡಿ. ಎಂದರೆ ಕ್ರಿಟಿಕಲ್ ಡಿಫರೆನ್ಸ್, ಅಂದರೆ ನಿರ್ಣಾಯಕ ಅಂತರ. ಯಾವುದೇ ಎರಡು ಸರಾಸರಿಗಳ ನಡುವಿನ ಅಂತರ ಇದನ್ನು ಮೀರಿದರೆ ಆ ಎರಡು ತಳಿಗಳು ಬೇರೆ ಬೇರೆ ಎಂದು ಓದುವುದು ರೂಢಿ. ಈ ಟಿಪ್ಪಣಿಯ ವಿಷಯ ಆ ರೂಢಿ. ಸಿ.ಡಿ.ಯ ಲೆಕ್ಕದಲ್ಲಿ ತಪ್ಪಿಲ್ಲ. ಒಂದು ಹೋಲಿಕೆಗೆಂದು ಮಾಡಿದ ಅಳತೆಗೋಲನ್ನು ಹತ್ತಾರು ಹೋಲಿಕೆಗಳಿಗೆ ಹಿಡಿದಾಗ ಅದು ಕೊಡುವ ಭರವಸೆ ಉಳಿಯುವುದಿಲ್ಲ ಎಂಬುದು ನನ್ನ ವಾದ.

ಲೆಕ್ಕಕ್ಕೆ ಒಂದು ಪ್ರಯೋಗ

ಮುಂದಿನ ಅಂಕಿಗಳು ವಾದವನ್ನು ಬಿಡಿಸಿ ತೋರಿಸಲು ನಾನು ಕಟ್ಟಿಕೊಂಡವು. ಬಬ್ಬೂರಿನದಾಗಲಿ ಬೇರೆ ಕೇಂದ್ರದ್ದಾಗಲಿ ದತ್ತಾಂಶ ಇದಲ್ಲ. ಪ್ರಯೋಗದ ಗಾತ್ರ ಮತ್ತು ವಿನ್ಯಾಸ ಮಾತ್ರ ಒಣಭೂಮಿಯ ತಳಿ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಾಣುವಂಥವು.

ಹತ್ತು ಶೇಂಗಾ ತಳಿಗಳು. ಅವುಗಳಲ್ಲಿ ಒಂಬತ್ತು ಹೊಸವು, ಒಂದು ಹೋಲಿಕೆಗೆ ಇಟ್ಟ ಹಳೆಯ ತಳಿ. ಚಿತ್ರದುರ್ಗ ಜಿಲ್ಲೆಯ ರೈತರು ದಶಕಗಳಿಂದ ಬಿತ್ತುತ್ತಾ ಬಂದ ಟಿ.ಎಂ.ವಿ.-2ರಂಥದ್ದು ಈ ಹಳೆಯ ತಳಿಯ ಸ್ಥಾನದಲ್ಲಿದೆ ಎಂದುಕೊಳ್ಳೋಣ. ಹೊಲವನ್ನು ನಾಲ್ಕು ಬ್ಲಾಕುಗಳಾಗಿ ಭಾಗಿಸಿ, ಪ್ರತಿ ಬ್ಲಾಕಿನಲ್ಲೂ ಹತ್ತು ತಳಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹತ್ತು ತಾಕುಗಳಿಗೆ ಹಂಚಿದೆ. ಒಟ್ಟು ನಲವತ್ತು ತಾಕು. ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲಿ ಕಾಯಿ ಇಳುವರಿಯ ಸರಾಸರಿಗಳು ಹೀಗಿವೆ:

| ತಳಿ | ಸರಾಸರಿ ಇಳುವರಿ |
|---|---|
| ತ-1 | 1452 |
| ತ-2 | 1395 |
| ತ-3 | 1340 |
| ತ-4 | 1310 |
| ತ-5 | 1262 |
| ತ-6 | 1225 |
| ಹಳೆಯ ತಳಿ | 1180 |
| ತ-7 | 1150 |
| ತ-8 | 1110 |
| ತ-9 | 1060 |

ಅನೋವಾ ಮಾಡುವ ಕೆಲಸ ಇಷ್ಟು: ಇಳುವರಿಯ ಒಟ್ಟು ಏರಿಳಿತವನ್ನು ಬ್ಲಾಕುಗಳಿಂದ ಬಂದದ್ದು, ತಳಿಗಳಿಂದ ಬಂದದ್ದು, ಎರಡಕ್ಕೂ ಸೇರದೆ ಉಳಿದದ್ದು ಎಂದು ಪಾಲು ಮಾಡುವುದು. ಮಣ್ಣಿನ ಆಳ, ತೇವ, ಹುಳುಕಾಟ, ಕೊಯ್ಲಿನ ಸಣ್ಣ ಹೆಚ್ಚುಕಮ್ಮಿಗಳು ಸೇರಿ ಆಗುವ ಈ ಉಳಿಕೆಗೆ ಪ್ರಯೋಗ ದೋಷ ಎನ್ನುತ್ತೇವೆ. ನಮ್ಮ ಉದಾಹರಣೆಯಲ್ಲಿ ದೋಷದ ಸರಾಸರಿ ವರ್ಗ 14,400. ಅಂದರೆ ಒಂದು ತಾಕಿನ ಇಳುವರಿ ಆಕಸ್ಮಿಕ ಕಾರಣಗಳಿಂದಲೇ ಹೆಕ್ಟೇರಿಗೆ 120 ಕಿಲೋದಷ್ಟು ಅತ್ತಿತ್ತ ಆಗುತ್ತದೆ. ತಳಿಗಳ ಸರಾಸರಿ ವರ್ಗವನ್ನು ಇದರಿಂದ ಭಾಗಿಸಿದರೆ ಸಿಗುವ ಎಫ್ ಬೆಲೆ 4.47. ದೋಷದ ಸ್ವಾತಂತ್ರ್ಯಾಂಕ 27 ಇರುವಾಗ 5% ಮಟ್ಟದಲ್ಲಿ 2.25 ದಾಟಿದರೆ ಸಾಕು. ಹಾಗಾಗಿ ಹತ್ತೂ ತಳಿಗಳು ಒಂದೇ ಎಂಬ ಊಹೆಯನ್ನು ಕೈಬಿಡಬಹುದು.

ಎಫ್ ಹೇಳಿದ್ದು ಅಷ್ಟೇ. ಎಲ್ಲೋ ವ್ಯತ್ಯಾಸವಿದೆ ಎಂದಿತೇ ಹೊರತು ಯಾವ ತಳಿ ಯಾವುದಕ್ಕಿಂತ ಮೇಲು ಎನ್ನಲಿಲ್ಲ. ಆ ಮಾತು ಹೇಳಲು ಸರಾಸರಿಗಳನ್ನು ಜೋಡಿ ಜೋಡಿಯಾಗಿ ಇಟ್ಟು ನೋಡಬೇಕು. ತೊಡಕು ಶುರುವಾಗುವುದು ಇಲ್ಲಿ.

ಐದು ಪ್ರತಿಶತ ಯಾವುದರ ಐದು ಪ್ರತಿಶತ?

ಎರಡು ಸರಾಸರಿಗಳ ಅಂತರದ ಪ್ರಮಾಣ ದೋಷ ಇಲ್ಲಿ ಸುಮಾರು 85 ಕಿಲೋ. ಅದನ್ನು ಟಿ ಕೋಷ್ಟಕದ 2.052ರಿಂದ ಗುಣಿಸಿದರೆ ಸಿ.ಡಿ. 174 ಕಿಲೋ ಆಗುತ್ತದೆ. ಇದರ ಹಿಂದಿರುವ ಭರವಸೆಯನ್ನು ಬಿಡಿಸಿ ಹೇಳಬೇಕು: ಬಿತ್ತನೆಗೆ ಮೊದಲೇ ಗೊತ್ತುಮಾಡಿಕೊಂಡ ಒಂದು ಜೋಡಿ ತಳಿಗಳು ನಿಜವಾಗಿ ಸಮವಾಗಿದ್ದರೆ, ಅವುಗಳ ಅಂತರ ಆಕಸ್ಮಿಕವಾಗಿ 174 ಕಿಲೋ ಮೀರುವುದು ನೂರು ಪ್ರಯೋಗಗಳಲ್ಲಿ ಐದರಲ್ಲಿ ಮಾತ್ರ. ಐದು ಪ್ರತಿಶತ ಸೇರಿದ್ದು ಆ ಒಂದು ಜೋಡಿಗೆ.

ಹತ್ತು ತಳಿಗಳಿಂದ ನಲವತ್ತೈದು ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ಮುಂದೆಯೂ ಅದೇ 174ನ್ನು ಹಿಡಿದರೆ, ಹುಸಿ ವ್ಯತ್ಯಾಸ ಒಂದಾದರೂ ಸಿಕ್ಕೀತು ಎಂಬ ಸಂಭವ ಐದು ಪ್ರತಿಶತದಲ್ಲಿ ನಿಲ್ಲುವುದಿಲ್ಲ. ಜೋಡಿಗಳೆಲ್ಲ ಪರಸ್ಪರ ಸ್ವತಂತ್ರವಾಗಿದ್ದರೆ ಆ ಸಂಭವ 90% ಆಗುತ್ತಿತ್ತು. ಅವು ಸ್ವತಂತ್ರವಲ್ಲ. ತ-1ರ ಸರಾಸರಿ ಒಂಬತ್ತು ಜೋಡಿಗಳಲ್ಲಿ ಪಾಲುಗೊಳ್ಳುತ್ತದೆ, ಅದರ ತಾಕುಗಳಿಗೆ ಒಳ್ಳೆಯ ಮಣ್ಣು ಸಿಕ್ಕಿದ್ದರೆ ಒಂಬತ್ತೂ ಜೋಡಿಗಳು ಒಟ್ಟಿಗೆ ವಾಲುತ್ತವೆ. ಇದನ್ನು ಲೆಕ್ಕಕ್ಕೆ ತಂದರೆ ಸಂಭವ ಸುಮಾರು 60%. ಕಾಕ್ರನ್ ಮತ್ತು ಕಾಕ್ಸ್ 1950ರಲ್ಲಿ ಪ್ರಯೋಗ ವಿನ್ಯಾಸಗಳ ಬಗ್ಗೆ ಬರೆದ ಪುಸ್ತಕದಲ್ಲೇ ಈ ಎಚ್ಚರಿಕೆ ಇದೆ. ತಳಿಗಳು ನಿಜಕ್ಕೂ ಸಮವಾಗಿದ್ದರೂ, ಮೊದಲ ಮತ್ತು ಕೊನೆಯ ಸರಾಸರಿಗಳ ಅಂತರವು ಈ ಅಳತೆಯನ್ನು ಮೀರುವ ಸಂಭವ ಮೂರು ಉಪಚಾರಗಳಿದ್ದಾಗ 13%, ಆರಿದ್ದಾಗ 40%, ಹತ್ತಿದ್ದಾಗ 60%, ಇಪ್ಪತ್ತಿದ್ದಾಗ 90% ಎಂದು ಅವರು ತೋರಿಸಿದ್ದಾರೆ.

ನಮ್ಮ ಉದಾಹರಣೆಯ ಬೆಲೆಯನ್ನು ಓದುಗರು ಆರ್ ತಂತ್ರಾಂಶದಲ್ಲಿ ತಾವೇ ನೋಡಿಕೊಳ್ಳಬಹುದು. ಮೊದಲ ಸಾಲು ಈ ಹುಸಿ ಸಂಭವವನ್ನು ಕೊಡುತ್ತದೆ, ಎರಡನೆಯದು ಮುಂದೆ ಬೇಕಾಗುವ ಟ್ಯೂಕಿಯ ಬೆಲೆಯನ್ನು:

```r
1 - ptukey(2.052 * sqrt(2), 10, 27)
qtukey(0.95, 10, 27)
```

"ನಾನು ನಲವತ್ತೈದನ್ನೂ ನೋಡಲಿಲ್ಲ, ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಹೋಲಿಸಿದೆ" ಎಂಬ ಸಮಾಧಾನ ಇಲ್ಲಿ ನಡೆಯದು. ಸರಾಸರಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ ತುದಿಗಳನ್ನು ಆರಿಸಿಕೊಂಡಾಗ ನಲವತ್ತೈದರಲ್ಲಿ ಅತಿ ದೊಡ್ಡ ಅಂತರವನ್ನೇ ಆರಿಸಿದಂತಾಯಿತು. ಆರಿಸುವ ಕೆಲಸವನ್ನು ಕಣ್ಣು ಮೊದಲೇ ಮುಗಿಸಿದೆ. ಬಾಯಲ್ಲಿ ಹೇಳಿದ್ದು ಒಂದು ಹೋಲಿಕೆಯಾದರೂ ಅಪಾಯ ನಲವತ್ತೈದರದ್ದು.

ಎಫ್ ಎಂಬ ಬಾಗಿಲು, ಅದರ ಬಿರುಕು

ಈ ತೊಂದರೆ ಫಿಶರ್‌ಗೆ ಗೊತ್ತಿತ್ತು. ಎಫ್ ಗಣನೀಯವಾಗಿದ್ದರೆ ಮಾತ್ರ ಸಿ.ಡಿ. ಹಿಡಿ, ಇಲ್ಲದಿದ್ದರೆ ಎನ್.ಎಸ್. ಎಂದು ಬರೆದು ಅಲ್ಲಿಗೆ ನಿಲ್ಲಿಸು ಎಂಬ ಕ್ರಮ ಅವರ ಹೆಸರಿನಲ್ಲಿ ಬಂದಿದೆ. ಈ ಬಾಗಿಲಿನಿಂದ ದೊಡ್ಡ ಉಪಕಾರವಿದೆ. ಹತ್ತೂ ತಳಿಗಳು ನಿಜಕ್ಕೂ ಸಮವಾಗಿದ್ದರೆ, ನೂರು ಪ್ರಯೋಗಗಳಲ್ಲಿ ತೊಂಬತ್ತೈದರಲ್ಲಿ ಬಾಗಿಲು ತೆರೆಯುವುದೇ ಇಲ್ಲ, ಆದ್ದರಿಂದ ಹುಸಿ ವ್ಯತ್ಯಾಸ ಹೊರಬರುವುದಿಲ್ಲ.

ಆದರೆ ಹತ್ತೂ ತಳಿಗಳು ಸಮವಾಗಿರುವುದು ಅಪರೂಪ. ಒಂಬತ್ತು ಒಂದೇ ಮಟ್ಟದವು, ಹತ್ತನೆಯದು ಬರ ತಾಳದೆ ನೆಲಕಚ್ಚಿದೆ ಎಂದುಕೊಳ್ಳಿ. ಆ ಒಂದು ತಳಿಯ ಸೋಲೇ ಎಫ್ ಬೆಲೆಯನ್ನು ಎತ್ತಿ ಬಾಗಿಲು ತೆರೆಸುತ್ತದೆ. ತೆರೆದ ಬಾಗಿಲಲ್ಲಿ ಉಳಿದ ಒಂಬತ್ತರ ಮೂವತ್ತಾರು ಜೋಡಿಗಳೂ ಒಳನುಗ್ಗುತ್ತವೆ. ಆ ಮೂವತ್ತಾರರಲ್ಲಿ ನಿಜವಾದ ವ್ಯತ್ಯಾಸ ಒಂದೂ ಇಲ್ಲ, ಆದರೂ ಹುಸಿ ವ್ಯತ್ಯಾಸ ಒಂದಾದರೂ ಸಿಗುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಎಫ್ ಗಣನೀಯವಾಗಿದೆ ಎಂಬ ಮಾತು ಎಲ್ಲ ಜೋಡಿಗಳಿಗೂ ಕೊಟ್ಟ ಪರವಾನಗಿಯಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಕೋಷ್ಟಕದಲ್ಲಿ ಇದನ್ನು ಗುರುತಿಸುವುದು ಕಷ್ಟವೇನಲ್ಲ: ಒಂದೋ ಎರಡೋ ಸರಾಸರಿಗಳು ಉಳಿದವುಗಳಿಂದ ತೀರ ದೂರ ಬಿದ್ದಿದ್ದರೆ, ಅವನ್ನು ಬಿಟ್ಟು ಮಿಕ್ಕವುಗಳ ನಡುವೆ ಹೇಳಿದ ಗೆಲುವುಗಳನ್ನು ಎಚ್ಚರದಿಂದ ಓದಬೇಕು.

ಒಂದೇ 272 ಕಿಲೋ, ಎರಡು ತೀರ್ಪು

ಈಗ ನಮ್ಮ ಹತ್ತು ಸರಾಸರಿಗಳಿಗೆ ಮರಳೋಣ. ಸಿ.ಡಿ. 174ನ್ನು ಎಲ್ಲ ಜೋಡಿಗಳಿಗೂ ಹಿಡಿದರೆ ನಲವತ್ತೈದರಲ್ಲಿ ಹದಿನಾರು ಜೋಡಿಗಳು ಬೇರೆ ಬೇರೆ ಎನಿಸಿಕೊಳ್ಳುತ್ತವೆ. ಹಳೆಯ ತಳಿಯನ್ನು ತ-1 ಮತ್ತು ತ-2 ಎರಡೂ ಮೀರಿಸಿದವು ಎಂದು ವರದಿ ಬರೆಯಬಹುದು.

ಎರಡನೆಯ ಅಳತೆ ಜಾನ್ ಟ್ಯೂಕಿಯದು, 1953ರ ಹೊತ್ತಿನದು. ಅದು ಪ್ರಶ್ನೆಯನ್ನೇ ಬದಲಿಸುತ್ತದೆ. ಹತ್ತು ಸಮಾನ ತಳಿಗಳನ್ನು ಬೆಳೆದಾಗ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಸರಾಸರಿಗಳ ನಡುವೆ ಆಕಸ್ಮಿಕವಾಗಿ ಎಷ್ಟು ಅಂತರ ಬಂದೀತು ಎಂದು ಕೇಳುತ್ತದೆ. ಅತಿ ದೊಡ್ಡ ಅಂತರಕ್ಕೆ ಗಡಿ ಹಾಕಿದರೆ ಮಿಕ್ಕ ನಲವತ್ತನಾಲ್ಕೂ ತಾವಾಗಿ ಅದರೊಳಗೆ ಬೀಳುತ್ತವೆ. ಆ ಗಡಿ ಇಲ್ಲಿ ಸರಾಸರಿಯ ಪ್ರಮಾಣ ದೋಷವಾದ 60 ಕಿಲೋವನ್ನು 4.86ರಿಂದ ಗುಣಿಸಿದಷ್ಟು, ಸುಮಾರು 292 ಕಿಲೋ. ಇದನ್ನು ಹಿಡಿದರೆ ಹದಿನಾರು ಜೋಡಿಗಳಲ್ಲಿ ನಾಲ್ಕು ಉಳಿಯುತ್ತವೆ. ತ-1ಕ್ಕೂ ಹಳೆಯ ತಳಿಗೂ ಇರುವ 272 ಕಿಲೋ ಅಂತರ ಈ ನಾಲ್ಕರಲ್ಲಿಲ್ಲ. ಟ್ಯೂಕಿಯ ಪ್ರಕಾರ ಹಳೆಯ ತಳಿಯನ್ನು ಯಾವ ಹೊಸ ತಳಿಯೂ ಮೀರಿಸಿಲ್ಲ.

ಮೂರನೆಯದು 1955ರಲ್ಲಿ ಚಾರ್ಲ್ಸ್ ಡನ್ನೆಟ್ ಕೊಟ್ಟದ್ದು. ಇದರಲ್ಲಿ ಹೊಸ ತಳಿಗಳನ್ನು ತಮ್ಮತಮ್ಮೊಳಗೆ ಹೋಲಿಸುವುದಿಲ್ಲ. ಒಂಬತ್ತನ್ನೂ ಹಳೆಯದೊಂದರ ಪಕ್ಕದಲ್ಲಿ ಇಟ್ಟು ನೋಡುತ್ತೇವೆ. ಹೋಲಿಕೆಗಳು ಒಂಬತ್ತಕ್ಕೆ ಇಳಿಯುವುದರಿಂದ ಗಡಿಯೂ ಇಳಿದು ಸುಮಾರು 244 ಕಿಲೋಗೆ ಬರುತ್ತದೆ. 272 ಅದನ್ನು ದಾಟುತ್ತದೆ. ತ-1 ಹಳೆಯ ತಳಿಗಿಂತ ಮೇಲು ಎಂದು ಈಗ ಹೇಳಬಹುದು. ತ-2ರ 215 ದಾಟುವುದಿಲ್ಲ.

ಒಂದೇ ಹೊಲ, ಒಂದೇ ಬೆಳೆ, ಅದೇ 272 ಕಿಲೋ. ಟ್ಯೂಕಿ ಒಪ್ಪಲಿಲ್ಲ, ಡನ್ನೆಟ್ ಒಪ್ಪಿದರು. ಇದನ್ನು ಸಂಖ್ಯಾಶಾಸ್ತ್ರದ ಗೊಂದಲ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಯಾವುದು ಯಾವುದಕ್ಕಿಂತ ಮೇಲು ಎಂದು ಎಲ್ಲವನ್ನೂ ಕೇಳಿದವನು ಹೆಚ್ಚು ಬೆಲೆ ತೆರಬೇಕು. ಹಳೆಯದಕ್ಕಿಂತ ಯಾವುದು ಮೇಲು ಎಂದಷ್ಟೇ ಕೇಳಿದವನಿಗೆ ಕಡಿಮೆ ಬೆಲೆಯಲ್ಲಿ ಉತ್ತರ ಸಿಗುತ್ತದೆ. ಆದರೆ ಆ ರಿಯಾಯಿತಿಗೆ ಒಂದು ಷರತ್ತಿದೆ: ಪ್ರಶ್ನೆ ಬಿತ್ತನೆಗೆ ಮೊದಲೇ ಗೊತ್ತಾಗಿರಬೇಕು. ಟ್ಯೂಕಿ ಒಪ್ಪದಿದ್ದುದನ್ನು ಕಂಡ ಮೇಲೆ ಡನ್ನೆಟ್ ಕಡೆ ಹೊರಳಿದರೆ, ಉತ್ತರ ನೋಡಿಕೊಂಡು ಪ್ರಶ್ನೆ ಬರೆದ ಹಾಗೆ.

ಡನ್ನೆಟ್ ಪರೀಕ್ಷೆಯ ಒಂದು ಸೂಕ್ಷ್ಮ ಹೊಲದ ಕೆಲಸಕ್ಕೆ ನೇರ ಸಂಬಂಧಪಟ್ಟದ್ದು. ಒಂಬತ್ತೂ ಹೋಲಿಕೆಗಳು ಹಳೆಯ ತಳಿಯ ಒಂದೇ ಸರಾಸರಿಯನ್ನು ನೆಚ್ಚಿಕೊಂಡಿವೆ. ಅದರ ನಾಲ್ಕು ತಾಕುಗಳಲ್ಲಿ ಎರಡು ಗರಸು ನೆಲಕ್ಕೆ ಬಿದ್ದರೆ ಒಂಬತ್ತು ಹೊಸ ತಳಿಗಳೂ ಸುಮ್ಮನೆ ಗೆದ್ದಂತೆ ಕಾಣುತ್ತವೆ. ಅದಕ್ಕೆ ಹಳೆಯ ತಳಿಗೆ ಹೆಚ್ಚು ತಾಕು ಕೊಡಬೇಕು ಎಂದು ಡನ್ನೆಟ್ ಸೂಚಿಸಿದರು. ಅವರ ಸೂತ್ರದಂತೆ ಒಂಬತ್ತು ಹೊಸ ತಳಿಗಳಿದ್ದಾಗ ಹಳೆಯದಕ್ಕೆ ಸುಮಾರು ಮೂರು ಪಟ್ಟು ತಾಕುಗಳಿರುವುದು ಒಳ್ಳೆಯದು. ಪ್ರತಿ ಬ್ಲಾಕಿನಲ್ಲಿ ಎರಡು ಸಲ ಇಟ್ಟರೂ ಅಂತರದ ಪ್ರಮಾಣ ದೋಷ 85ರಿಂದ 73.5 ಕಿಲೋಗೆ ಇಳಿಯುತ್ತದೆ. ನಾಲ್ಕು ತಾಕಿನ ಹೆಚ್ಚುವರಿ ಶ್ರಮಕ್ಕೆ ಇದು ಒಳ್ಳೆಯ ಪ್ರತಿಫಲ.

ಅಕ್ಷರಗಳ ಭಾಷೆ

ಸಿ.ಡಿ. ಬದಲು ಸರಾಸರಿಗಳ ಪಕ್ಕ ಅಕ್ಷರ ಬರೆಯುವ ರೂಢಿಯೂ ಇದೆ. ಅಕ್ಷರ ಒಂದೇ ಆದರೆ ವ್ಯತ್ಯಾಸ ಸಾಬೀತಾಗಿಲ್ಲ ಎಂದರ್ಥ. ಈ ಅಕ್ಷರಗಳು ಹೆಚ್ಚಾಗಿ ಬರುವುದು 1955ರ ಡಂಕನ್ ಬಹುವ್ಯಾಪ್ತಿ ಪರೀಕ್ಷೆಯಿಂದ. ಹೆಸರಿನಲ್ಲೇ 'ಬಹು' ಇರುವುದರಿಂದ ಬಹು ಹೋಲಿಕೆಯ ದೋಷವನ್ನು ಇದು ತಡೆಯುತ್ತದೆ ಎಂದು ವಿದ್ಯಾರ್ಥಿಗಳು ನಂಬುತ್ತಾರೆ. ಡಂಕನ್ ತಮ್ಮ ಪರೀಕ್ಷೆಯನ್ನು ಕಟ್ಟಿದ್ದು ಬೇರೆ ರೀತಿ. ಹೋಲಿಕೆಗೆ ಸೇರುವ ಸರಾಸರಿಗಳ ಸಂಖ್ಯೆ ಬೆಳೆದಂತೆ ರಕ್ಷಣೆ ತೆಳುವಾಗಲು ಅವರು ಅವಕಾಶ ಕೊಟ್ಟರು. ಹತ್ತು ಸರಾಸರಿಗಳಾದಾಗ 0.95ನ್ನು ಒಂಬತ್ತು ಸಲ ಗುಣಿಸಿದಷ್ಟು, ಅಂದರೆ 63% ರಕ್ಷಣೆ ಉಳಿಯುತ್ತದೆ. ಮಿಕ್ಕ 37% ಹುಸಿಗೆ ತೆರೆದೇ ಇರುತ್ತದೆ. ಇದು ಡಂಕನ್ ಮುಚ್ಚಿಟ್ಟ ಸಂಗತಿಯಲ್ಲ. ಪರೀಕ್ಷೆಯನ್ನು ಬಳಸುವವರು ಅರಿತು ಬಳಸಬೇಕು, ಅಷ್ಟೇ.

ಅಕ್ಷರಗಳನ್ನು ಓದುವಾಗ ಇನ್ನೊಂದು ತಪ್ಪು ಆಗುತ್ತದೆ. ತ-1ಕ್ಕೂ ತ-2ಕ್ಕೂ ಇರುವ ಅಂತರ 57 ಕಿಲೋ, ಎಕರೆಗೆ ಹೆಚ್ಚುಕಡಿಮೆ 23 ಕಿಲೋ. ಮೇಲಿನ ಯಾವ ಅಳತೆಯೂ ಇವೆರಡನ್ನು ಬೇರ್ಪಡಿಸದು. ಹಾಗೆಂದು ಎರಡೂ ಸಮ ಎಂದು ಸಾಬೀತಾಗಿಲ್ಲ. ನಾಲ್ಕು ಬ್ಲಾಕುಗಳ ಪ್ರಯೋಗಕ್ಕೆ ಅಷ್ಟು ಸಣ್ಣ ಅಂತರವನ್ನು ಕಾಣುವ ಶಕ್ತಿ ಇಲ್ಲ ಎಂದಷ್ಟೇ ಹೇಳಬಹುದು.

ಕಟ್ಟುನಿಟ್ಟಿಗೂ ಬೆಲೆಯಿದೆ

ಹಾಗಾದರೆ ಎಲ್ಲ ಕಡೆ ಟ್ಯೂಕಿಯನ್ನೇ ಹಿಡಿಯೋಣವೇ? ಹಾಗೂ ಹೇಳಲಾರೆ. ಗಡಿ 174ರಿಂದ 292ಕ್ಕೆ ಏರಿದಾಗ ಹುಸಿ ವ್ಯತ್ಯಾಸಗಳ ಜೊತೆಗೆ ನಿಜವಾದ ವ್ಯತ್ಯಾಸಗಳೂ ಕೈತಪ್ಪುತ್ತವೆ. ಕಾರ್ಮರ್ ಮತ್ತು ಸ್ವಾನ್ಸನ್ 1973ರಲ್ಲಿ ಹತ್ತು ವಿಧಾನಗಳನ್ನು ಗಣಕಯಂತ್ರದ ಕೃತಕ ಪ್ರಯೋಗಗಳಿಂದ ಪರೀಕ್ಷಿಸಿ, ಎಫ್ ಬಾಗಿಲಿನ ಹಿಂದೆ ಬಳಸುವ ಸಿ.ಡಿ.ಯ ಪರವಾಗಿ ಮಾತಾಡಿದರು. ನಿಜವಾದ ವ್ಯತ್ಯಾಸವನ್ನು ಪತ್ತೆ ಹಚ್ಚುವಲ್ಲಿ ಟ್ಯೂಕಿಯಂಥ ಬಿಗಿ ವಿಧಾನಗಳು ಹಿಂದೆ ಬೀಳುತ್ತವೆ ಎಂಬುದು ಅವರ ಕಾರಣ. ಈ ವಾದದಲ್ಲಿ ತೂಕವಿದೆ.

ನನ್ನ ದೃಷ್ಟಿಯಲ್ಲಿ ನಿರ್ಧಾರ ನಿಲ್ಲಬೇಕಾದದ್ದು ತಪ್ಪಿನ ಬೆಲೆಯ ಮೇಲೆ. ನೂರಾರು ಸಾಲುಗಳಲ್ಲಿ ಮುಂದಿನ ವರ್ಷಕ್ಕೆ ಇಪ್ಪತ್ತನ್ನು ಉಳಿಸಿಕೊಳ್ಳುವ ಮೊದಲ ಹಂತದಲ್ಲಿ ಸಡಿಲ ಅಳತೆ ಸರಿ. ಅಲ್ಲಿ ಹುಸಿಯಾಗಿ ಗೆದ್ದ ತಳಿ ಮುಂದಿನ ವರ್ಷದ ತಾಕಿನಲ್ಲಿ ಬಿದ್ದುಹೋಗುತ್ತದೆ, ನಷ್ಟ ಒಂದು ತಾಕಿನದು. ಒಳ್ಳೆಯ ತಳಿಯನ್ನು ಮೊದಲ ಹಂತದಲ್ಲೇ ಕೈಬಿಟ್ಟರೆ ಅದು ಮರಳಿ ಬರುವುದಿಲ್ಲ. ರೈತನಿಗೆ ಶಿಫಾರಸು ಮಾಡುವ ಕೊನೆಯ ಹಂತದಲ್ಲಿ ಈ ಲೆಕ್ಕ ತಿರುಗುತ್ತದೆ. ಅಲ್ಲಿ ಹುಸಿ ಗೆಲುವಿನ ನಷ್ಟ ಬೀಜ ಕೊಂಡವನ ಹೊಲಕ್ಕೆ ಸೇರುತ್ತದೆ, ಬಿಗಿ ಅಳತೆ ಬೇಕಾದದ್ದು ಅಲ್ಲಿ.

ಹಲವು ವರ್ಷ, ಹಲವು ಜಾಗಗಳ ಪ್ರಯೋಗ ಕೊಡುವ ರಕ್ಷಣೆಯನ್ನು ಯಾವ ಪರೀಕ್ಷೆಯೂ ಕೊಡಲಾರದು ಎಂಬುದನ್ನೂ ಸೇರಿಸಬೇಕು. ಹತ್ತರಲ್ಲಿ ಮೊದಲ ಸ್ಥಾನಕ್ಕೆ ಬಂದ ತಳಿಗೆ ಗುಣದ ಜೊತೆ ಅದೃಷ್ಟವೂ ಸ್ವಲ್ಪ ಕೂಡಿರುತ್ತದೆ. ಮರುವರ್ಷ ಗುಣ ಉಳಿಯುತ್ತದೆ, ಅದೃಷ್ಟ ಉಳಿಯುವುದಿಲ್ಲ. ಮೊದಲ ವರ್ಷ ಹಳೆಯ ತಳಿಗಿಂತ 272 ಕಿಲೋ ಮುಂದಿದ್ದ ತ-1 ಎರಡನೆಯ ವರ್ಷ ಅಷ್ಟೇ ಮುಂದಿರುತ್ತದೆ ಎಂದು ನಿರೀಕ್ಷಿಸಬಾರದು. ಅಂತರ ಕುಗ್ಗಿದರೆ ತಳಿ ಕೆಟ್ಟಿತು ಎಂದೂ ತಿಳಿಯಬೇಕಿಲ್ಲ. ಆರಿಸಿದ ಕ್ರಮದಿಂದಲೇ ಮೊದಲ ವರ್ಷದ ಅಂಕಿ ಉಬ್ಬಿತ್ತು.

ಸಂಶೋಧಕರಲ್ಲಿ ಕೋರಿಕೆ

ಪ್ರಬಂಧ ಬರೆಯುವ ವಿದ್ಯಾರ್ಥಿಗಳಲ್ಲಿ, ಅವರ ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಮೂರು ವಾಕ್ಯದ್ದು. ಯಾವ ಹೋಲಿಕೆ ಮಾಡುತ್ತೀರಿ, ಯಾವ ಪರೀಕ್ಷೆಯಿಂದ ಮಾಡುತ್ತೀರಿ ಎಂಬುದನ್ನು ಬಿತ್ತನೆಗೆ ಮೊದಲು ಪ್ರಯೋಗದ ಯೋಜನೆಯಲ್ಲಿ ಬರೆದಿಡಿ. ಒಟ್ಟು ಎಷ್ಟು ಹೋಲಿಕೆಗಳನ್ನು ಮಾಡಿದಿರಿ ಎಂಬುದನ್ನು ಕೋಷ್ಟಕದ ಕೆಳಗೆ ನಮೂದಿಸಿ. ತಳಿಗಳ ಬದಲು ಗೊಬ್ಬರದ ಏರಿಕೆ ಪ್ರಮಾಣಗಳಿದ್ದರೆ ಜೋಡಿ ಹೋಲಿಕೆಯನ್ನೇ ಬಿಟ್ಟು, ಪ್ರಮಾಣ ಹೆಚ್ಚಿದಂತೆ ಇಳುವರಿ ಹೇಗೆ ಬಾಗುತ್ತದೆ ಎಂಬ ರೇಖೆಯನ್ನು ಎಳೆಯಿರಿ, ಏಕೆಂದರೆ 20 ಕಿಲೋಗೂ 40 ಕಿಲೋಗೂ ನಡುವೆ ಇರುವುದು ತಳಿಭೇದವಲ್ಲ, ಒಂದೇ ದಾರಿಯ ಎರಡು ಮೈಲಿಗಲ್ಲು.

ನಮ್ಮ ಉದಾಹರಣೆಯ ಪ್ರಾಮಾಣಿಕ ವರದಿ ಹೀಗಿರಬೇಕು: ಹಳೆಯ ತಳಿಯೊಂದಿಗೆ ಮೊದಲೇ ಯೋಜಿಸಿದ ಒಂಬತ್ತು ಹೋಲಿಕೆಗಳಲ್ಲಿ ತ-1 ಒಂದೇ ಗಣನೀಯವಾಗಿ ಮೇಲಿದೆ. ಅಂತರ ಹೆಕ್ಟೇರಿಗೆ 272 ಕಿಲೋ, ಎಕರೆಗೆ 110 ಕಿಲೋ. ತ-2 ಮತ್ತು ತ-3ನ್ನು ಇನ್ನೊಂದು ಮುಂಗಾರಿನಲ್ಲಿ ಬೆಳೆದು ನೋಡಬೇಕು.